ವಾಯ್ಸ್ ಕಟ್ ಆಗ್ತಿದೆ ಅಂದಾಗ: ತೊಂದರೆ ಯಾರ ಕಡೆ?

ಆವತ್ತು ಮೀಟಿಂಗ್‌ನಲ್ಲಿ ಆರು ಜನ ಇದ್ದೆವು. ನಾನು ಮಾತು ಶುರು ಮಾಡಿ ಎರಡು ನಿಮಿಷ ಆಗಿರಲಿಲ್ಲ, "ಮೇಡಂ, ನಿಮ್ಮ ವಾಯ್ಸ್ ಕಟ್ ಆಗ್ತಿದೆ" ಎಂದರು ಒಬ್ಬರು. ನನಗೆ ಮಾತ್ರ ಎಲ್ಲರ ಮಾತೂ ಚೆನ್ನಾಗಿ ಕೇಳಿಸುತ್ತಿತ್ತು. ಮೊದಲೆಲ್ಲ ಇಂಥ ಹೊತ್ತಲ್ಲಿ ರೂಟರ್ ಆಫ್ ಮಾಡಿ ಆನ್ ಮಾಡುತ್ತಿದ್ದೆ. ಈಗ ಮೊದಲು ಕರೆಯ ಲೆಕ್ಕ ನೋಡುತ್ತೇನೆ.

ನಾನು ಬ್ರೌಸರ್‌ನಲ್ಲೇ ಮೀಟಿಂಗ್ ಸೇರುವುದು. ಕ್ರೋಮ್‌ನ ಇನ್ನೊಂದು ಟ್ಯಾಬ್‌ನಲ್ಲಿ `chrome://webrtc-internals` ತೆರೆದರೆ ಆ ಲೆಕ್ಕವೆಲ್ಲ ಸಿಗುತ್ತದೆ. ಗ್ರಾಫ್ ಶುರುವಾಗುವುದು ಅದನ್ನು ತೆರೆದ ಮೇಲೆಯೇ, ಹಾಗಾಗಿ ಮೀಟಿಂಗ್‌ಗೆ ಮೊದಲೇ ತೆರೆದಿಡುತ್ತೇನೆ.

ಅಲ್ಲಿ ಸಾಲುಗಳು ತುಂಬಾ ಇವೆ. ನನಗೆ ಬೇಕಾದದ್ದು ಎರಡೇ. `inbound-rtp` ಎಂದರೆ ನನಗೆ ಬರುತ್ತಿರುವುದು. `remote-inbound-rtp` ಎಂದರೆ ನಾನು ಕಳಿಸಿದ್ದು ಆ ತುದಿಗೆ ಹೇಗೆ ತಲುಪಿತು ಎಂದು ಅಲ್ಲಿಂದ ಬಂದ ವರದಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ಹೆಚ್ಚು ಜನರ ಮೀಟಿಂಗ್‌ನಲ್ಲಿ ಆ ತುದಿ ಸಾಮಾನ್ಯವಾಗಿ ನಡುವಿನ ಸರ್ವರ್, ಕೇಳುತ್ತಿರುವ ಸಹೋದ್ಯೋಗಿ ಅಲ್ಲ. ಅಂದರೆ ಆ ವರದಿ ನನ್ನಿಂದ ಸರ್ವರ್‌ವರೆಗಿನ ದಾರಿಯದ್ದು ಮಾತ್ರ. ನಮ್ಮ ಕಡೆಯ ತೊಂದರೆ ಹಿಡಿಯಲು ಇದಕ್ಕಿಂತ ಒಳ್ಳೆಯ ಸಾಲು ನನಗೆ ಸಿಕ್ಕಿಲ್ಲ.

ದನಿ, ಚಿತ್ರ ಎಲ್ಲ ಸಣ್ಣ ಸಣ್ಣ ತುಣುಕುಗಳಾಗಿ ಹೋಗುತ್ತವೆ, ಅವೇ ಪ್ಯಾಕೆಟ್‌ಗಳು. `packetsLost` ಎಂದರೆ ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್‌ಗಳು, ಕರೆ ಶುರುವಾದಾಗಿನಿಂದ ಕೂಡುತ್ತಾ ಹೋಗುವ ಮೊತ್ತ. ಅದು 900 ಎಂದು ತೋರಿಸಿದರೆ ಗಾಬರಿ ಬೇಡ, ಅವೆಲ್ಲ ಅರ್ಧ ಗಂಟೆ ಹಿಂದೆಯೇ ಕಳೆದಿರಬಹುದು. ನಾನು ಹತ್ತು ಸೆಕೆಂಡ್ ಬಿಟ್ಟು ಮತ್ತೆ ನೋಡಿ, ಎಷ್ಟು ಏರಿತು ಎಂದು ಲೆಕ್ಕ ಹಾಕುತ್ತೇನೆ. ದನಿ ಸಾಮಾನ್ಯವಾಗಿ ಸೆಕೆಂಡಿಗೆ 50 ಪ್ಯಾಕೆಟ್‌ಗಳಲ್ಲಿ ಹೋಗುತ್ತದೆ, ಹತ್ತು ಸೆಕೆಂಡಿಗೆ 500. ಆವತ್ತು `remote-inbound-rtp`ಯಲ್ಲಿ ಅಷ್ಟು ಹೊತ್ತಿಗೆ 40 ಕಳೆದಿದ್ದವು. ಶೇಕಡಾ 8. ಇಷ್ಟಿದ್ದರೆ ಮಾತು ಒಡೆಯುತ್ತದೆ. ಅಲ್ಲೇ `jitter` 0.06 ಎಂದಿತ್ತು. ಅದು ಸೆಕೆಂಡ್ ಲೆಕ್ಕ, ಅಂದರೆ 60 ಮಿಲಿಸೆಕೆಂಡ್. ಪ್ಯಾಕೆಟ್‌ಗಳು ಸಮನಾದ ಅಂತರದಲ್ಲಿ ತಲುಪದೆ ಅಷ್ಟು ಹಿಂದೆ ಮುಂದೆ ಆಗುತ್ತಿದ್ದವು. ನನಗೆ ಬರುತ್ತಿದ್ದ ಐದೂ ದನಿಗಳಲ್ಲಿ ನಷ್ಟ ಸೊನ್ನೆ. ಹಾಗಾದರೆ ತೊಂದರೆ ನನ್ನದೇ, ಅದೂ ಕಳಿಸುವ ಕಡೆ.

ಇನ್ನು ಕೆಟ್ಟಿದ್ದು ವೈಫೈಯೋ, ಹೊರಗಿನ ಲೈನೋ? ಕರೆ ನಡೆಯುತ್ತಿರುವಾಗಲೇ ಎರಡು ವಿಂಡೋಗಳಲ್ಲಿ ಪಿಂಗ್ ಹಾಕಿದೆ. ಮೊದಲನೆಯದು ನನ್ನ ರೂಟರ್‌ನ ವಿಳಾಸ, ಎರಡನೆಯದು ಹೊರಗಿರುವ ಗೂಗಲ್ ಸರ್ವರ್‌ನದ್ದು.

```
ping 192.168.1.1
ping 8.8.8.8
```

ರೂಟರ್ 3-4 ಮಿಲಿಸೆಕೆಂಡ್‌ನಲ್ಲಿ ಉತ್ತರ ಕೊಡುತ್ತಿತ್ತು, ಅಲುಗಾಟವೇ ಇಲ್ಲ. ವೈಫೈ ಕೆಟ್ಟಿದ್ದರೆ ಇಲ್ಲೇ 5, 140, 8, 200 ಎಂದು ಕುಣಿಯುತ್ತದೆ. ಒಂದೆರಡು ಸಲ ಏರಿದರೆ ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ರೂಟರ್ ಬೇರೆ ಕೆಲಸದಲ್ಲಿದ್ದರೆ ಪಿಂಗ್‌ಗೆ ತಡವಾಗಿ ಉತ್ತರಿಸುವುದುಂಟು. ಆದರೆ 8.8.8.8ಗೆ ಮಾಮೂಲಿ 25 ಇರುವುದು 500 ದಾಟಿತ್ತು. ರೂಟರ್‌ನಿಂದ ಆಚೆಗೆ ಹೋಗಲು ಪ್ಯಾಕೆಟ್‌ಗಳು ಸಾಲುಗಟ್ಟಿ ನಿಂತಿವೆ ಎಂದಾಯಿತು. ಹೀಗೆ ಕಳಿಸುವ ದಾರಿ ಮಾತ್ರ ತುಂಬಿದಾಗ ನನ್ನ ಮೊದಲ ಅನುಮಾನ ಫೋಟೋ ಬ್ಯಾಕಪ್ ಮೇಲೆ. ಮನೆಯವರ ಫೋನ್ ನೋಡಿದರೆ ಅದೇ, ನೂರಾರು ವಿಡಿಯೋ ಅಪ್‌ಲೋಡ್ ಆಗುತ್ತಿದ್ದವು. ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೇ ಪಿಂಗ್ 25ಕ್ಕೆ ಇಳಿಯಿತು, `packetsLost` ಏರುವುದು ನಿಂತಿತು.

ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಡೇಟಾ ಹೋಗುತ್ತದೆ ಎಂಬುದು ಮಾತ್ರ ಒಮ್ಮೆಗೇ ಸರಿಯಾಗಲಿಲ್ಲ. ನಷ್ಟ ಕಂಡಾಗ ಬ್ರೌಸರ್ ತಾನೇ ವಿಡಿಯೋ ಬಿಟ್‌ರೇಟ್ ಇಳಿಸುತ್ತದೆ, ದಾರಿ ಖಾಲಿಯಾದ ಮೇಲೆ ಹೆದರಿ ಹೆದರಿ ಏರಿಸುತ್ತದೆ. 200 ಕಿಲೋಬಿಟ್‌ಗೆ ಇಳಿದಿದ್ದದ್ದು ಮೆಲ್ಲಗೆ ಒಂದು ಮೆಗಾಬಿಟ್ ಮುಟ್ಟಿತು. ಸುಮ್ನೆ ಬಿಟ್‌ರೇಟ್ ಕಡಿಮೆ ಇದೆ ಅಂತ ತೊಂದರೆ ಎಂದು ತೀರ್ಮಾನಿಸಬಾರದು. ನನ್ನ ಚಿತ್ರ ಅವರ ಪರದೆಯಲ್ಲಿ ಚಿಕ್ಕದಾಗಿದ್ದರೂ ಅದು ಕಡಿಮೆಯಾಗಬಹುದು. ನಾನು ಕಳಿಸುವುದರ ಲೆಕ್ಕವಾದ `outbound-rtp`ಯಲ್ಲಿ `qualityLimitationReason` ಎಂಬ ಸಾಲು ಕಾರಣ ಹೇಳುತ್ತದೆ. `bandwidth` ಎಂದಿದ್ದರೆ ದಾರಿ ಇಕ್ಕಟ್ಟು. `cpu` ಎಂದಿದ್ದರೆ ಕಂಪ್ಯೂಟರ್ ಸುಸ್ತಾಗಿದೆ, ನೆಟ್‌ವರ್ಕ್ ಹುಡುಕಿ ಪ್ರಯೋಜನ ಇಲ್ಲ.

ಇನ್ನೊಂದು ದಿನ ಉಲ್ಟಾ ಆಯಿತು. ಒಬ್ಬ ಸಹೋದ್ಯೋಗಿಯ ಮುಖ ಆಗಾಗ ನಿಂತುಬಿಡುತ್ತಿತ್ತು. ಅವರ ವಿಡಿಯೋದಲ್ಲಿ ನಷ್ಟ ಏರುತ್ತಿತ್ತು, ಉಳಿದ ನಾಲ್ವರದ್ದು ಸೊನ್ನೆ. ಸರ್ವರ್‌ನಿಂದ ನನ್ನವರೆಗೆ ಎಲ್ಲರ ಪ್ಯಾಕೆಟ್‌ಗಳೂ ಒಂದೇ ದಾರಿಯಲ್ಲಿ ಬರುತ್ತವೆ ಅಲ್ವಾ? ಆ ದಾರಿ ಕೆಟ್ಟಿದ್ದರೆ ಎಲ್ಲರದ್ದೂ ಕಳೆಯಬೇಕಿತ್ತು. ಅವರಿಂದ ಸರ್ವರ್‌ಗೆ ಬರುವಾಗಲೇ ಕಳೆದುಹೋದದ್ದು ನನ್ನ ಲೆಕ್ಕದಲ್ಲೂ ನಷ್ಟವಾಗಿ ಕಂಡಿತ್ತು. ಅವರಿಗೆ ಹೇಳಿದೆ, ಕೇಬಲ್ ಹಾಕಿಕೊಂಡು ಮತ್ತೆ ಸೇರಿದರು. ಆಮೇಲೆ ಚಿತ್ರ ನಿಲ್ಲಲಿಲ್ಲ.

ಎಲ್ಲರದ್ದೂ ಕಳೆಯುತ್ತಿದ್ದು, ರೂಟರ್ ಪಿಂಗ್ ಚೆನ್ನಾಗಿದ್ದು, ಮನೆಯಲ್ಲಿ ಬೇರೆ ಯಾರೂ ನೆಟ್ ಬಳಸದಿದ್ದರೆ ನನ್ನ ಅನುಮಾನ ಹೊರಗಿನ ಲೈನ್ ಮೇಲೆ. ಆಗ ಎರಡೂ ಪಿಂಗ್‌ಗಳನ್ನು ಸಮಯದ ಸಮೇತ ಉಳಿಸಿ ಇಂಟರ್ನೆಟ್ ಕೊಡುವವರಿಗೆ ಕಳಿಸುತ್ತೇನೆ.