ಆಸಿಡ್ ಹಾಕಿದ ಬಚ್ಚಲಿಗೆ ಬ್ಲೀಚಿಂಗ್ ಪೌಡರ್ ಉದುರಿಸಬೇಡಿ: ಆ ಘಾಟು ಯಾಕೆ ಏಳುತ್ತೆ, ತಪ್ಪಿಸೋದು ಹೇಗೆ

ಬಾಡಿಗೆ ಮನೆ ಖಾಲಿ ಮಾಡೋ ಹಿಂದಿನ ದಿನ, ಇಲ್ಲಾಂದ್ರೆ ಹಬ್ಬಕ್ಕೆ ಎರಡು ದಿನ ಇರುವಾಗ ಇದು ಆಗೋದು ಜಾಸ್ತಿ. ಬೋರ್‌ವೆಲ್ ನೀರಿನ ಬಿಳಿ ಕಲೆ ಟೈಲ್ಸ್ ಮೇಲೆ ಕಲ್ಲಿನ ಹಾಗೆ ಕೂತಿರುತ್ತೆ, ಆಸಿಡ್ ಹಾಕಿ ಉಜ್ಜಿದ್ರೂ ಪೂರ್ತಿ ಬಿಟ್ಟಿರಲ್ಲ, ಆಗ ಮೇಲಿಂದ ಒಂಚೂರು ಬ್ಲೀಚಿಂಗ್ ಪೌಡರ್ ಉದುರಿಸಿದ್ರೆ ಎರಡೂ ಸೇರಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಅಂತ ಅನ್ಸುತ್ತೆ. ನಮ್ಮತ್ತಿಗೆ ಮಾಡಿದ್ದೂ ಇದನ್ನೇ. ಪೌಡರ್ ಬಿದ್ದ ಕಡೆ ಬುಸ್ ಅಂತ ನೊರೆ ಎದ್ದಿದ್ದು ನೋಡಿ, ಕಲೆ ಬಿಡ್ತಾ ಇದೆ ಅಂದ್ಕೊಂಡು ಕುಕ್ಕರುಗಾಲಲ್ಲಿ ಕೂತು ಇನ್ನೂ ಬಗ್ಗಿ ಉಜ್ಜೋಕೆ ಶುರು ಮಾಡಿದ್ರು. ಎರಡು ಮೂರು ಉಸಿರು ಅಷ್ಟೇ, ಕಣ್ಣಲ್ಲಿ ಧಾರಾಕಾರ ನೀರು, ಗೋಡೆ ಹಿಡ್ಕೊಂಡು ಹೊರಗೆ ಬಂದ್ರು. ಸಂಜೆ ಹೊತ್ತಿಗೆ ಕೆಮ್ಮು ನಿಂತು ಎಲ್ಲಾ ಸರಿಹೋಯ್ತು ಅಂದ್ಕೊಂಡ್ವಿ, ರಾತ್ರಿ ಒಂದು ಗಂಟೆಗೆ ಉಸಿರು ಎಳೆಯೋಕೆ ಆಗ್ತಿಲ್ಲ ಅಂತ ಎದ್ದು ಕೂತ್ರು, ಆಸ್ಪತ್ರೆಗೆ ಓಡಿದ್ವಿ, ಆಕ್ಸಿಜನ್ ಹಾಕಿದ್ರು.

ಅದಾದ ಮೇಲೂ ನಾಲ್ಕಾರು ಮನೇಲಿ ಇದೇ ತಪ್ಪು ಮಾಡೋದನ್ನ ನೋಡಿದ್ದೀನಿ, ಅದಕ್ಕೇ ಸ್ವಲ್ಪ ಬಿಡಿಸಿ ಬರೀತಿದ್ದೀನಿ.

ಒಳಗೆ ಏನಾಗುತ್ತೆ

ಬ್ಲೀಚಿಂಗ್ ಪೌಡರ್ ಮಾಡೋದು ಅರಳಿಸಿದ ಸುಣ್ಣಕ್ಕೆ ಕ್ಲೋರಿನ್ ಅನಿಲ ಹಾಯಿಸಿ. ಬಾಟಲಿಯಲ್ಲಿ ಬರೋ ನೀರಿನಂಥ ಬ್ಲೀಚ್, ಅಂದ್ರೆ ಸೋಡಿಯಂ ಹೈಪೋಕ್ಲೋರೈಟ್, ಅದನ್ನ ಕಾಸ್ಟಿಕ್ ಸೋಡಾಗೆ ಕ್ಲೋರಿನ್ ಹಾಯಿಸಿ ಮಾಡ್ತಾರೆ. ಎರಡರಲ್ಲೂ ಕ್ಲೋರಿನ್ನನ್ನ ಹಿಡಿದಿಟ್ಟಿರೋದು ಆ ಕ್ಷಾರ. ಟಾಯ್ಲೆಟ್ ಕ್ಲೀನರ್‌ನಲ್ಲಿ ಇರೋದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್, ಅದು ಸೇರಿದ ತಕ್ಷಣ ಕ್ಷಾರ ಸತ್ತುಹೋಗುತ್ತೆ, ಹಿಡಿತ ಬಿಟ್ಟ ಕ್ಲೋರಿನ್ ಮತ್ತೆ ಅನಿಲವಾಗಿ ಹೊರಗೆ ಬರುತ್ತೆ. 1915ರಲ್ಲಿ ಬೆಲ್ಜಿಯಂನ ಈಪ್ರ್ ಹತ್ರ ಜರ್ಮನ್ ಸೇನೆ ಎದುರಾಳಿ ಸೈನಿಕರ ಮೇಲೆ ಬಿಟ್ಟಿದ್ದೂ ಇದೇ ಅನಿಲ. ನಿಂಬೆರಸ, ವಿನೆಗರ್ ಕೂಡ ಆಸಿಡ್ಡೇ, ಬ್ಲೀಚ್ ಜೊತೆ ಅವೂ ಬೇಡ.

ಎಷ್ಟು ಬರುತ್ತೆ ಅಂತ ಒಂದು ಲೆಕ್ಕ ಹಾಕೋಣ. ಬ್ಲೀಚಿಂಗ್ ಪೌಡರ್ ಪ್ಯಾಕೆಟ್ ಮೇಲೆ ಕ್ಲೋರಿನ್ 30 ಪರ್ಸೆಂಟ್ ಅಂತ ಬರೆದಿದ್ರೆ, ಆಸಿಡ್ ಸೇರಿಸಿದಾಗ ಹೊರಬೀಳೋ ಕ್ಲೋರಿನ್ ಅಷ್ಟು ಅಂತ ಅರ್ಥ. ಎರಡು ಚಮಚ ಅಂದ್ರೆ 20 ಗ್ರಾಂ ಉದುರಿಸಿದ್ರೆ ಅದರಲ್ಲಿ 6 ಗ್ರಾಂ ಕ್ಲೋರಿನ್, ಅನಿಲವಾದ್ರೆ ಸುಮಾರು 2 ಲೀಟರ್. ನಮ್ಮ ಕಡೆ ಬಚ್ಚಲು 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರ ಇದ್ರೆ ಅದರೊಳಗಿನ ಗಾಳಿ 5,400 ಲೀಟರ್ ಹತ್ರ. ಪೂರ್ತಿ ಕ್ಲೋರಿನ್ ಹೊರಬಂದ್ರೆ ಹತ್ತು ಲಕ್ಷ ಭಾಗ ಗಾಳಿಗೆ 370 ಭಾಗ ಕ್ಲೋರಿನ್ ಆಯ್ತು. ಪ್ರಾಣಕ್ಕೇ ಅಪಾಯ ಅಂತ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಗುರುತು ಹಾಕಿರೋ ಮಟ್ಟ 10 ಭಾಗ. ಹತ್ತರಲ್ಲಿ ಒಂದು ಪಾಲು ಹೊರಬಂದ್ರೂ ಆ ಗೆರೆ ದಾಟಿ ಎಷ್ಟೋ ಮುಂದೆ ಹೋಗಿರ್ತೀವಿ.

ಇನ್ನೊಂದು ವಿಷ್ಯ, ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ. ಅದು ನೆಲದ ಮೇಲೇ ಹರಡ್ಕೊಂಡು ಇರುತ್ತೆ, ಕೂತು ಉಜ್ಜೋರ ಮೂಗು ಇರೋದೂ ಅಲ್ಲೇ. ಮೇಲೆ ಎಕ್ಸಾಸ್ಟ್ ಫ್ಯಾನ್ ತಿರುಗ್ತಿದೆಯಲ್ಲ ಅಂತ ಧೈರ್ಯ ಮಾಡಬೇಡಿ. ಮಾಸ್ಕ್ ಕೂಡ ಆಗಲ್ಲ, ಬಟ್ಟೆದಾಗ್ಲಿ ಎನ್95 ಆಗ್ಲಿ ಧೂಳು ತಡೆಯುತ್ತೆ, ಅನಿಲ ತಡೆಯಲ್ಲ.

ಮೊದಲು ಕಲೆ ಯಾವುದು ನೋಡಿ

ಬೆರೆಸೋ ಯೋಚನೆ ಬರೋದೇ ಇದು ಗೊತ್ತಿಲ್ಲದೆ. ಬಿಳಿ ಉಪ್ಪಿನ ಕಲೆ, ಕಬ್ಬಿಣದ ಕಂದು ಕಲೆ ಆಸಿಡ್‌ಗೆ ಕರಗುತ್ತೆ, ಬ್ಲೀಚ್ ಎಷ್ಟು ಸುರಿದ್ರೂ ಅದಕ್ಕೆ ಏನೂ ಆಗಲ್ಲ. ಪಾಚಿ, ಟೈಲ್ಸ್ ಸಂದಿಯ ಕಪ್ಪು ಬೂಷ್ಟು, ಇವಕ್ಕೆ ಬ್ಲೀಚ್ ಬೇಕು. ಬೆರೆಸಿದ್ರೆ ಆಸಿಡ್ಡೂ ಖರ್ಚು, ಬ್ಲೀಚೂ ಖರ್ಚು, ಎರಡೂ ಒಂದನ್ನೊಂದು ತಿಂದು ಹಾಕಿ ಕಲೆ ಇದ್ದಲ್ಲೇ ಇರುತ್ತೆ.

ಬಾಟಲಿ ಓದಿ

ಒಳಗೆ ಏನಿದೆ ಅಂತ ಬರೆದಿರಲೇಬೇಕು. ಗಾಡಿ ಮೇಲೆ ಬಂದು ಹಳೇ ನೀರಿನ ಬಾಟಲಿಗೆ ತುಂಬಿ ಕೊಡೋ ಆಸಿಡ್, ಬಣ್ಣದ ಫಿನೈಲು ಇವನ್ನ ತಗೋಳ್ಳೋದೇ ಬೇಡ, ಎಷ್ಟೇ ಅಗ್ಗ ಆದ್ರೂ. ಲೇಬಲ್ ಇಲ್ದಿದ್ರೆ ಒಳಗಿರೋದು ಏನು, ಎಷ್ಟು ಸ್ಟ್ರಾಂಗು ಅಂತ ಹೇಗೆ ಗೊತ್ತಾಗ್ಬೇಕು, ನಾಳೆ ಡಾಕ್ಟರ್ ಕೇಳಿದ್ರೆ ಏನಂತ ಹೇಳ್ತೀರಿ. ಫ್ಲಶ್ ಟ್ಯಾಂಕ್ ಒಳಗೆ ಹಾಕೋ ಬಿಲ್ಲೆಗಳನ್ನೂ ನೋಡಿ, ಕೆಲವು ಕ್ಲೋರಿನ್‌ದು. ಅದು ಒಳಗೆ ಇರುವಾಗ ಕಮೋಡ್‌ಗೆ ಆಸಿಡ್ ಕ್ಲೀನರ್ ಹಾಕಿ ಫ್ಲಶ್ ಒತ್ತಿದ್ರೆ ನೀವೇ ಬೆರೆಸಿದ ಹಾಗೆ. ನನ್ನ ಕೇಳಿದ್ರೆ ಆ ಬಿಲ್ಲೆ ಮನೆಗೆ ತರಲೇಬೇಡಿ.

ಬ್ಲೀಚ್ ಕಲಸೋದು

5 ಲೀಟರ್ ತಣ್ಣೀರಿಗೆ ಒಂದು ಊಟದ ಚಮಚ ಪೌಡರ್, ಅಥವಾ 5 ಪರ್ಸೆಂಟಿನ ಬ್ಲೀಚ್ ಆದ್ರೆ 100 ಎಂಎಲ್, ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೀರಿ. ಸೋಪ್ ಲಿಕ್ವಿಡ್, ಫಿನೈಲು, ಏನೂ ಸೇರಿಸಬೇಡಿ.

ಒಂದರಿಂದ ಇನ್ನೊಂದಕ್ಕೆ ಹೋಗೋದು

ಎಲ್ರೂ ಎಡವೋದು ಇಲ್ಲಿ. ಬಕೆಟ್‌ನಲ್ಲಿ ಬೆರೆಸಬಾರದು ಅಂತ ಗೊತ್ತಿರೋರೂ ಎಡವ್ತಾರೆ, ಯಾಕಂದ್ರೆ ಅವರು ಬೆರೆಸಲ್ಲ, ಬಚ್ಚಲೇ ಬೆರೆಸುತ್ತೆ. ಆಸಿಡ್ ಹಾಕಿ ಉಜ್ಜಿ ಎರಡು ಮಗ್ ನೀರು ಹುಯ್ದು, ಆಯ್ತು ತೊಳೆದೆ ಅಂತ ಬ್ಲೀಚ್ ಹಾಕ್ತಾರೆ. ನೆಲ ಕಣ್ಣಿಗೆ ಕ್ಲೀನಾಗೇ ಕಾಣುತ್ತೆ, ಆದ್ರೆ ಆಸಿಡ್ ನಿಂತಿರೋ ಜಾಗಗಳು ಬೇರೆ.

ಮೊದಲನೇದು ನೀರು ಹೋಗೋ ಜಾಲರಿ ಕೆಳಗಿನ ನಾನಿ ಟ್ರ್ಯಾಪ್. ವಾಸನೆ ಮೇಲೆ ಬರದೇ ಇರ್ಲಿ ಅಂತ ಅಲ್ಲಿ ಯಾವಾಗ್ಲೂ ಒಂದಷ್ಟು ನೀರು ನಿಂತಿರುತ್ತೆ, ನೀವು ತೊಳೆದ ಆಸಿಡ್ ಹೋಗಿ ಸೇರೋದು ಅದಕ್ಕೇ. ಆಮೇಲೆ ಬ್ಲೀಚ್ ನೀರು ಹರಿದು ಹೋಗಿ ಸಿಗೋದೂ ಅಲ್ಲೇ, ಘಾಟು ಏಳೋದು ಆ ತೂತಿಂದ. ಹಾಗಾಗಿ ಜಾಲರಿ ಎತ್ತಿ, ಕೂದಲು ಗೀದಲು ಕಟ್ಟಿದ್ರೆ ಗ್ಲೌಸ್ ಹಾಕ್ಕೊಂಡು ತೆಗೆದು, ತುಂಬಿದ ಒಂದು ಬಕೆಟ್ ನೀರು ಒಂದೇ ಸಲಕ್ಕೆ ಆ ತೂತಿಗೇ ಹುಯ್ಯಿರಿ, ಆಮೇಲೆ ಇನ್ನೊಂದು. ಮಗ್‌ನಲ್ಲಿ ಸ್ವಲ್ಪ ಸ್ವಲ್ಪ ಹುಯ್ದ್ರೆ ಹಳೇ ನೀರು ಪೂರ್ತಿ ಆಚೆ ಹೋಗಲ್ಲ.

ಎರಡನೇದು ಬ್ರಷ್. ಕಮೋಡ್ ಬ್ರಷ್ ಇಡೋ ಡಬ್ಬಿ ಬಗ್ಗಿಸಿ ನೋಡಿ, ಅಡಿಯಲ್ಲಿ ಒಂದು ಬೆರಳು ನೀರು ಇರುತ್ತೆ, ಅದು ಹೋದ ವಾರದ ಆಸಿಡ್ಡೇ. ಅದೇ ಬ್ರಷ್ ತಗೊಂಡು ಬ್ಲೀಚ್‌ಗೆ ಅದ್ದುತ್ತಾರೆ. ನಮ್ಮನೇಲಿ ಈಗ ಎರಡು ಬ್ರಷ್, ಆಸಿಡ್‌ದಕ್ಕೆ ಹಿಡಿಗೆ ಕೆಂಪು ದಾರ ಕಟ್ಟಿದೆ, ಮಗ್ಗೂ ಬೇರೆ. ನಲವತ್ತು ರೂಪಾಯಿ ಬ್ರಷ್‌ಗೆ ಲೆಕ್ಕ ನೋಡಬೇಡಿ.

ಕಮೋಡ್ ಆದ್ರೆ ಅಂಚಿನ ಒಳಗಡೆ ಗಟ್ಟಿ ಕ್ಲೀನರ್ ಅಂಟಿಕೊಂಡಿರುತ್ತೆ, ಉಜ್ಜಿ ಎರಡು ಸಲ ಫ್ಲಶ್ ಮಾಡಿ.

ಇಷ್ಟೆಲ್ಲಾ ತೊಳೆದ್ರೂ ಅವತ್ತೇ ಬ್ಲೀಚ್ ಮುಟ್ಟಬೇಡಿ. ಕಿಟಕಿ ತೆಗೆದು ರಾತ್ರಿಯೆಲ್ಲಾ ಒಣಗೋಕೆ ಬಿಡಿ, ನಾಳೆ ಮಾಡಿ. ತೊಳೆದು ಅರ್ಧ ಗಂಟೆ ಬಿಟ್ರೆ ಸಾಕು ಅನ್ನೋರು ಇದ್ದಾರೆ, ನಾನು ಒಪ್ಪಲ್ಲ. ಮನೆ ಕೆಲಸಕ್ಕೆ ಬರೋರ ಕೈಯಲ್ಲಿ ಮಾಡಿಸ್ತಿದ್ರಂತೂ ಒಂದು ದಿನ ಒಂದೇ ಬಾಟಲಿ ಕೈಗೆ ಕೊಡಿ, ಇನ್ನೊಂದನ್ನ ಬೇರೆ ಕಡೆ ಎತ್ತಿಡಿ. ಕಲೆ ಹೋಗಿಲ್ಲ ಅಂತ ನೀವು ಬೈದ್ರೆ ಅವರು ಪಕ್ಕದಲ್ಲಿರೋ ಇನ್ನೊಂದು ಬಾಟಲಿ ಎತ್ತೇ ಎತ್ತುತ್ತಾರೆ.

ಅಮೋನಿಯಾ ಎಲ್ಲಿಂದ ಬರುತ್ತೆ

ನಮ್ಮನೇಲಿ ಅಮೋನಿಯಾ ಇಲ್ಲ ಅಂತಾರೆ. ಕೆಲವು ಗ್ಲಾಸ್ ಕ್ಲೀನರ್‌ಗಳಲ್ಲಿ, ಕೂದಲಿನ ಡೈಗಳಲ್ಲಿ ಇರುತ್ತೆ. ಅದಕ್ಕಿಂತ ಹೆಚ್ಚಾಗಿ ಸಿಗೋದು ಮೂತ್ರದಲ್ಲಿ. ಮೂತ್ರ ನಿಂತಷ್ಟೂ ಅದರ ಯೂರಿಯಾ ಒಡೆದು ಅಮೋನಿಯಾ ಆಗುತ್ತೆ, ಸರಿಯಾಗಿ ನೀರು ಹಾಕದ ಶೌಚಾಲಯದಲ್ಲಿ ಕಣ್ಣು ಚುರುಗುಟ್ಟೋದು ಅದಕ್ಕೇ. ಅದರ ಮೇಲೆ ಬ್ಲೀಚ್ ಬಿದ್ರೆ ಹುಟ್ಟೋದು ಕ್ಲೋರಿನ್ ಅಲ್ಲ, ಕ್ಲೋರಮೈನ್ ಅನ್ನೋ ಬೇರೆ ಅನಿಲ, ಅದೂ ಕಣ್ಣು, ಗಂಟಲು, ಶ್ವಾಸಕೋಶನೇ ಸುಡೋದು. ಈಜುಕೊಳದಲ್ಲಿ ಕಣ್ಣು ಉರಿಯೋದೂ ಬಹುಪಾಲು ಇದರಿಂದಾನೇ. ಮಗು ಉಚ್ಚೆ ಮಾಡಿದ ಬಟ್ಟೆ ನೆನೆಸಿದ ಬಕೆಟ್, ಬೆಕ್ಕಿನ ಮರಳಿನ ಟ್ರೇ, ಕೆಲಸದ ಜಾಗದ ಯೂರಿನಲ್ಲು, ಎಲ್ಲೇ ಆಗ್ಲಿ ಮೊದಲು ಬರೀ ನೀರಲ್ಲಿ ಚೆನ್ನಾಗಿ ತೊಳೆದು, ವಾಸನೆ ಹೋದ ಮೇಲೇ ಬ್ಲೀಚ್.

ಆಗಿಬಿಟ್ರೆ

ಮೂಗಿಗೆ ಚುಚ್ಚೋ ಘಾಟು, ಕಣ್ಣೀರು, ಕೆಮ್ಮು, ಇದರಲ್ಲಿ ಒಂದು ಶುರುವಾದ್ರೂ ಎದ್ದು ಹೊರಗೆ ಬನ್ನಿ. ಮಗ್ ಎತ್ತೋಕೆ, ನೀರು ಹುಯ್ಯೋಕೆ, ಸೋಡಾಪುಡಿ ಹಾಕೋಕೆ ನಿಲ್ಲಬೇಡಿ. ಸ್ವಲ್ಪ ಹೊತ್ತಿಗೆ ವಾಸನೆ ಕಮ್ಮಿ ಆಯ್ತು ಅನ್ಸಿದ್ರೆ ನಂಬಬೇಡಿ, ಮೂಗಿಗೆ ಅಭ್ಯಾಸ ಆಗಿರುತ್ತೆ. ಬಚ್ಚಲಿಗೆ ಕಿಟಕಿ ಇದ್ರೆ ಬಾಗಿಲು ಎಳ್ಕೊಂಡು, ಮನೆಯ ಉಳಿದ ಕಿಟಕಿ ಬಾಗಿಲು ತೆಗೆದು, ಮಕ್ಕಳನ್ನ ಕರ್ಕೊಂಡು ಬಯಲಿಗೆ ಇಲ್ಲ ಟೆರೇಸ್‌ಗೆ ಹೋಗಿ, ನೆಲದ ಮೇಲೆ ಮಲಗಿಸಬೇಡಿ. ಕಣ್ಣು ಉರೀತಿದ್ರೆ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳೀರಿ, ಆಸಿಡ್ ಬಿದ್ದ ಬಟ್ಟೆ ಬದಲಾಯಿಸಿ. ಒಳಗೆ ಯಾರಾದ್ರೂ ಬಿದ್ದಿದ್ರೆ, ಇಲ್ಲ ಘಾಟು ಬಿಡ್ತಾನೇ ಇಲ್ಲ ಅಂದ್ರೆ 112ಕ್ಕೆ ಫೋನ್ ಮಾಡಿ, ಉಸಿರು ಬಿಗಿ ಹಿಡಿದು ಒಳಗೆ ನುಗ್ಗೋ ಸಾಹಸ ಬೇಡ.

ಉಸಿರಾಡೋಕೆ ಕಷ್ಟ, ಎದೆ ಬಿಗಿತ, ಸುಯ್ ಸುಯ್ ಶಬ್ದ ಇದ್ರೆ 108. ಮೊದಲೇ ಆಸ್ತಮಾ ಇರೋರು, ಮಕ್ಕಳು, ವಯಸ್ಸಾದೋರು ಲಕ್ಷಣ ಕಮ್ಮಿ ಇದ್ರೂ ತೋರಿಸ್ಕೊಳ್ಳಿ. ಇದಕ್ಕೆ ಅಂತ ಪ್ರತಿವಿಷ ಇಲ್ಲ, ಆಕ್ಸಿಜನ್ನು, ಉಸಿರ್ನಾಳ ಅಗಲ ಮಾಡೋ ನೆಬ್ಯುಲೈಸರ್ ಔಷಧಿ ಕೊಟ್ಟು ನೋಡ್ಕೋತಾರೆ. ಕೆಮ್ಮು ನಿಂತ ಮೇಲೂ ಗಂಟೆಗಟ್ಟಲೆ ಆದ್ಮೇಲೆ ಶ್ವಾಸಕೋಶದಲ್ಲಿ ನೀರು ತುಂಬ್ಕೊಳ್ಳಬಹುದು, ಅತ್ತಿಗೆಗೆ ಉಸಿರು ಕಟ್ಟಿದ್ದೂ ಮಧ್ಯಾಹ್ನ ಅಲ್ಲ, ಮಧ್ಯರಾತ್ರಿ. ಅದಕ್ಕೇ ಒಂದು ಇಡೀ ದಿನ ಒಬ್ರನ್ನೇ ಬಿಡಬೇಡಿ, ರಾತ್ರಿ ಎಬ್ಬಿಸಿ ಮಾತಾಡಿಸಿ ನೋಡಿ. ಆಸ್ಪತ್ರೆಗೆ ಹೋಗುವಾಗ ಬಾಟಲಿಗಳು ಬಚ್ಚಲ ಹೊರಗೆ ಇದ್ರೆ ಎರಡರ ಲೇಬಲ್ಲೂ ಮೊಬೈಲ್‌ನಲ್ಲಿ ಫೋಟೋ ತಗೊಳ್ಳಿ, ಒಳಗೇ ಇದ್ರೆ ಹೆಸರು ನೆನಪಿಟ್ಕೊಂಡು ಹೇಳಿದ್ರೆ ಸಾಕು, ಅದಕ್ಕೋಸ್ಕರ ವಾಪಸ್ ಒಳಗೆ ಹೋಗಬೇಡಿ.