ಪೊಟ್ಯಾಸಿಯಂ 6.2 ಎಂದು ಬಂದ ದಿನ

ವಿಜಯಪುರದಲ್ಲಿ ಅರಿವಳಿಕೆ ತಜ್ಞನಾಗಿ ಕೆಲಸ ಮಾಡುವ ನನ್ನ ಬಳಿಗೆ ಮುದ್ದೇಬಿಹಾಳದ ಕಡೆಯ ಎಪ್ಪತ್ತೆರಡರ ರೈತರೊಬ್ಬರು ಬಂದಿದ್ದರು. ಮರುದಿನ ಹರ್ನಿಯಾ ಶಸ್ತ್ರಚಿಕಿತ್ಸೆ. ಹಿಮೋಗ್ಲೋಬಿನ್, ಸಕ್ಕರೆ ಎರಡೂ ಸರಿಯಾಗಿದ್ದವು. ಪೊಟ್ಯಾಸಿಯಂ ಮಾತ್ರ 6.2 ಇತ್ತು. ಸಾಮಾನ್ಯವಾಗಿ ಇದು 3.5ರಿಂದ 5ರ ಆಸುಪಾಸಿನಲ್ಲಿರಬೇಕು. ಹೆಚ್ಚಾದರೆ ಹೃದಯದ ಬಡಿತವೇ ತಪ್ಪಬಹುದು. ಪೂರ್ಣ ಅರಿವಳಿಕೆಯಲ್ಲಿ ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಅದನ್ನು ಇನ್ನೂ ಸುಮಾರು 0.5ರಷ್ಟು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ 5.5 ದಾಟಿದರೆ ಅವಸರವಿಲ್ಲದ ಶಸ್ತ್ರಚಿಕಿತ್ಸೆಗೆ ನಾನು ಒಪ್ಪುವುದಿಲ್ಲ.

ಆದರೆ ಈ ಅಂಕಿ ಸುಳ್ಳು ಹೇಳುವುದೂ ಉಂಟು. ರಕ್ತಕಣಗಳ ಒಳಗೆ ಪೊಟ್ಯಾಸಿಯಂ ತುಂಬಿರುತ್ತದೆ. ರಕ್ತ ತೆಗೆಯುವಾಗ ಕಣಗಳು ಒಡೆದರೆ ಅದೆಲ್ಲ ಹೊರಗೆ ಬರುತ್ತದೆ. ಲ್ಯಾಬಿಗೆ ಹೋಗಿ ಟ್ಯೂಬನ್ನೇ ನೋಡಿದೆ: ಮೇಲಿನ ಸೀರಂ ತಿಳಿ ಹಳದಿಯಾಗಿರದೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಪೊಟ್ಯಾಸಿಯಂ ಹೆಚ್ಚಾದಾಗ ಕಾಣುವಂತೆ ಇಸಿಜಿಯಲ್ಲಿ ಟಿ ಅಲೆಗಳು ಚೂಪಾಗಿ ಎದ್ದಿರಲಿಲ್ಲ. ಆದರೂ ಇಸಿಜಿ ಸರಿಯಿದೆ ಎಂದ ಮಾತ್ರಕ್ಕೆ ನಾನು ನಿಶ್ಚಿಂತನಾಗುವುದಿಲ್ಲ. ತೋಳಿಗೆ ಪಟ್ಟಿಯನ್ನು ಹೆಚ್ಚು ಹೊತ್ತು ಬಿಗಿಯದೆ, ಮುಷ್ಟಿ ಬಿಗಿದು ಬಿಡಿಸುವಂತೆ ಹೇಳದೆ, ಮತ್ತೆ ರಕ್ತ ತೆಗೆಸಿದೆ. ಈ ಸಲ ಸೀರಂ ತಿಳಿಯಾಗಿತ್ತು, ಅಂಕಿ 5.8. ಸ್ವಲ್ಪ ಸುಳ್ಳು, ಬಹುಪಾಲು ನಿಜ. ಕ್ರಿಯೇಟಿನಿನ್ ಕೂಡ 1.9 ಇತ್ತು, ಅಂದರೆ ಮೂತ್ರಪಿಂಡಗಳು ದಣಿದಿದ್ದವು.

"ಅಜ್ಜ, ಮೊಣಕಾಲು ನೋವಿಗೆ ಏನು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದೆ. ಅವರ ಮಗ ಜೇಬಿನಿಂದ ಡೈಕ್ಲೋಫೆನಾಕ್ ಮಾತ್ರೆಯ ಪಟ್ಟಿ ತೆಗೆದರು. ಔಷಧ ಅಂಗಡಿಯಿಂದ ತಂದು ಒಂದು ತಿಂಗಳಿಂದ ದಿನಕ್ಕೆರಡು ನುಂಗುತ್ತಿದ್ದರಂತೆ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್ ಮೊದಲಿನಿಂದಲೂ ಇತ್ತು. ಇವೆರಡೂ ಸೇರಿದರೆ ಮೂತ್ರಪಿಂಡಕ್ಕೆ ಪೊಟ್ಯಾಸಿಯಂ ಹೊರಹಾಕುವುದು ಕಷ್ಟವಾಗುತ್ತದೆ. ಮೇಲಾಗಿ, ಶಕ್ತಿ ಬರಲೆಂದು ದಿನವೂ ಎಳನೀರು ಕುಡಿಸುತ್ತಿದ್ದರು. ಅದರಲ್ಲಿ ಪೊಟ್ಯಾಸಿಯಂ ಹೇರಳ. ಪ್ರೀತಿಯಿಂದಲೇ ಕುಡಿಸಿದ್ದ ಸೊಸೆಯ ಮುಖ ಬಾಡಿದ್ದನ್ನು ಕಂಡು ನನಗೆ ಬಹಳ ಬೇಸರವಾಯಿತು.

ಹರ್ನಿಯಾ ಒಳಗೆ ಸರಿಯುವಂತಿತ್ತು, ನೋವಿರಲಿಲ್ಲ, ಕಾಯಬಹುದಿತ್ತು. ಕರುಳು ಸಿಕ್ಕಿಕೊಂಡಿದ್ದರೆ ಹೃದಯ ಕಾಯಲು ಕ್ಯಾಲ್ಸಿಯಂ, ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್ ಮತ್ತು ಗ್ಲೂಕೋಸ್ ಕೊಡುತ್ತಲೇ ಆ ರಾತ್ರಿಯೇ ಸಿದ್ಧರಾಗಬೇಕಿತ್ತು. ಫಿಸಿಷಿಯನ್ ಸಲಹೆಯಂತೆ ಡೈಕ್ಲೋಫೆನಾಕ್ ಬಿಡಿಸಿ ಪ್ಯಾರಾಸಿಟಮಾಲ್ ಕೊಟ್ಟೆವು. ಟೆಲ್ಮಿಸಾರ್ಟನ್ ಜಾಗಕ್ಕೆ ಅಮ್ಲೋಡಿಪಿನ್ ಬಂತು, ಎಳನೀರು ನಿಂತಿತು. ಪೊಟ್ಯಾಸಿಯಂ ಮೂರನೆಯ ದಿನ 5.2, ಹನ್ನೆರಡನೆಯ ದಿನ 4.6. ಕ್ರಿಯೇಟಿನಿನ್ 1.3ಕ್ಕೆ ಇಳಿದಿತ್ತು. ಬೆನ್ನಿಗೆ ಸೂಜಿ ಕೊಟ್ಟು ಅರಿವಳಿಕೆ ನೀಡಿದೆ. ಸಂಜೆಗೆ ಅಜ್ಜ ಮಜ್ಜಿಗೆ ಕುಡಿದರು.