ರಿಜೆಕ್ಷನ್ ಕಡಿಮೆ ಮಾಡಿ ಎಂದರಷ್ಟೇ ಸಾಲದು: ಮೊದಲ ಪ್ರಾಜೆಕ್ಟ್‌ಗೆ ಚಾರ್ಟರ್ ಬರೆಯುವುದು ಹೇಗೆ?

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕ್ವಾಲಿಟಿ ವಿಭಾಗದ ಎಂಜಿನಿಯರ್ ಆಗಿದ್ದಾಗ ನನಗೆ ಸಿಕ್ಕ ಮೊದಲ ಪ್ರಾಜೆಕ್ಟ್ ಒಂದೇ ಮಾತಿನಲ್ಲಿತ್ತು: ‘ಪಂಪ್ ಕೇಸಿಂಗ್ ರಿಜೆಕ್ಷನ್ ಭಾಳ ಆಗೇತಿ, ಕಡಿಮಿ ಮಾಡ್ರಿ.’ ಸೆಪ್ಟೆಂಬರ್‌ನಲ್ಲಿ ಕೆಲಸ ಶುರು ಮಾಡಿದೆವು. ಡಿಸೆಂಬರ್ ಹೊತ್ತಿಗೆ ರಿಜೆಕ್ಷನ್ ಇಳಿಯಿತು, ಪೇಢೆ ಹಂಚಿದೆವು. ಮುಂದಿನ ಜುಲೈನಲ್ಲಿ ಅದು ಮತ್ತೆ ಮೊದಲಿನ ಮಟ್ಟಕ್ಕೇ ಬಂದು ನಿಂತಿತು. ಇಳಿಸಿದ್ದು ನಾವಲ್ಲ, ಮಳೆ ನಿಂತದ್ದು ಎಂದು ಆಗ ತಿಳಿಯಿತು. ಮಳೆಗಾಲದಲ್ಲಿ ಹೊರಗೆ ರಾಶಿ ಹಾಕಿದ ಮರಳು ಒದ್ದೆಯಾಗಿ ಬರುತ್ತದೆ, ಎರಕದೊಳಗಿನ ಟೊಳ್ಳಿಗಾಗಿ ಅಚ್ಚಿನಲ್ಲಿಡುವ ಮರಳಿನ ಕೋರ್‌ಗಳು ತೇವ ಹೀರಿಕೊಳ್ಳುತ್ತವೆ. ಕಾದ ಲೋಹ ಬಿದ್ದಾಗ ಆ ತೇವ ಆವಿಯಾಗಿ ಎರಕದೊಳಗೆ ಬ್ಲೋ ಹೋಲ್ ಎಂಬ ರಂಧ್ರ ಮಾಡುತ್ತದೆ.

ಕೆಲಸ ಶುರು ಮಾಡುವ ಮೊದಲು ಒಂದು ಪುಟದ ಚಾರ್ಟರ್ ಬರೆದಿದ್ದರೆ ಈ ತಪ್ಪು ಆಗ ಕಾಗದದ ಮೇಲೆಯೇ ಸಿಗುತ್ತಿತ್ತು. ಚಾರ್ಟರ್ ಎಂದರೆ ಕೆಲಸದ ವೇಳಾಪಟ್ಟಿಯಲ್ಲ. ಹಣ ಮತ್ತು ಜನ ಕೊಡುವ ಅಧಿಕಾರ ಇರುವವರು ‘ಈ ಕೆಲಸ ನಡೆಯಲಿ, ಇವರು ನಡೆಸಲಿ’ ಎಂದು ಸಹಿ ಹಾಕಿ ಕೊಡುವ ಒಪ್ಪಿಗೆ ಪತ್ರ ಅದು. ಕರಡನ್ನು ಪ್ರಾಜೆಕ್ಟ್ ನಡೆಸುವ ಲೀಡ್ ಬರೆಯಬಹುದು, ಆದರೆ ಹೊರಡಿಸುವವರು ಮೇಲಿನವರೇ ಆಗಿರಬೇಕು. ಅದೇ ಪಂಪ್ ಕೇಸಿಂಗ್ ಕೆಲಸವನ್ನು ಇಟ್ಟುಕೊಂಡು, ಲೆಕ್ಕ ಸುಲಭವಾಗಲೆಂದು ಊಹಿಸಿದ ಸಂಖ್ಯೆಗಳಲ್ಲಿ ಒಂದು ಚಾರ್ಟರ್ ಬರೆದು ನೋಡೋಣ.

ಮೊದಲು ಎಣಿಕೆ ಒಪ್ಪಿಸಿ

ಪೆನ್ನು ಹಿಡಿಯುವ ಮುನ್ನ ಪ್ರೊಡಕ್ಷನ್ ಮತ್ತು ಅಕೌಂಟ್ಸ್‌ನವರನ್ನು ಒಂದೇ ಟೇಬಲ್‌ಗೆ ಕೂರಿಸಿ, ರಿಜೆಕ್ಷನ್ ಎಷ್ಟಿದೆ ಎಂದು ಕೇಳಿ.

‘ನೂರಕ್ಕ ಆರು ಐತ್ರಿ’ ಎನ್ನುತ್ತಾರೆ ಮೌಲ್ಡಿಂಗ್ ಸೂಪರ್‌ವೈಸರ್.

‘ಎಲ್ಲಿ ಆರು ರೀ? ಒಂಬತ್ತು ಐತಿ. ಡೆಬಿಟ್ ನೋಟ್ ಫೈಲ್ ತರಲೇನು?’ ಎನ್ನುತ್ತಾರೆ ಅಕೌಂಟ್ಸ್‌ನವರು. ವಾಪಸ್ ಕಳಿಸಿದ ಮಾಲಿನ ಹಣ ಕಡಿತ ಮಾಡಿ ಗ್ರಾಹಕರು ಕೊಡುವ ಚೀಟಿಯೇ ಡೆಬಿಟ್ ನೋಟ್.

ಇಬ್ಬರದೂ ಸರಿಯೇ. ತಿಂಗಳಿಗೆ 4,000 ಕೇಸಿಂಗ್ ಹೊಯ್ದರೆ ನಮ್ಮ ತಪಾಸಣೆಯಲ್ಲೇ 240 ಬೀಳುತ್ತವೆ, ಅದು ಶೇ 6. ಒಳಗಿನ ರಂಧ್ರ ಮೇಲ್ನೋಟಕ್ಕೆ ಕಾಣದೆ ಹೊರಟು, ಗ್ರಾಹಕರ ಮಷಿನ್ ಶಾಪ್‌ನಲ್ಲಿ ಕೊರೆಯುವಾಗ ಬಯಲಾಗಿ ವಾಪಸ್ ಬರುವವು ಇನ್ನೂ 120. ಎರಡೂ ಸೇರಿದರೆ 360, ಅದು ಶೇ 9. ಸೂಪರ್‌ವೈಸರ್ ಕಣ್ಣಿಗೆ ಈ 120 ಬೀಳುವುದೇ ಇಲ್ಲ. ನಮ್ಮಲ್ಲೇ ಬಿದ್ದ ಎರಕವನ್ನು ಮತ್ತೆ ಕರಗಿಸಬಹುದು. ಕರೆಂಟ್, ಮರಳು, ಕೂಲಿ ಸೇರಿ ನಷ್ಟ ಒಂದಕ್ಕೆ 500 ರೂಪಾಯಿ ಎಂದಿಟ್ಟುಕೊಳ್ಳಿ. ವಾಪಸ್ ಬಂದದ್ದಕ್ಕೆ ಲಾರಿ ಬಾಡಿಗೆ, ಮಷಿನಿಂಗ್ ಖರ್ಚು ಸೇರಿ 900. ಹಾಗಾದರೆ ತಿಂಗಳಿಗೆ 240 ಕೇಸಿಂಗ್‌ಗಳಿಂದ 1,20,000 ರೂಪಾಯಿ, 120ರಿಂದ 1,08,000 ರೂಪಾಯಿ ಹೋಗುತ್ತದೆ. ಸಂಖ್ಯೆಯಲ್ಲಿ ಅರ್ಧವಾದರೂ ನಷ್ಟ ಹೆಚ್ಚುಕಡಿಮೆ ಸಮ.

ಆದ್ದರಿಂದ ಚಾರ್ಟರ್‌ನಲ್ಲಿ ಎರಡೂ ಎಣಿಕೆಗಳು ಬೇರೆ ಬೇರೆಯಾಗಿ ಇರಬೇಕು, ಮೊತ್ತವೂ ಇರಬೇಕು. ಒಂದನ್ನೇ ಬರೆದರೆ ತಪಾಸಣೆ ಸಡಿಲ ಮಾಡಿ ಒಳಗಿನ ಅಂಕಿ ಇಳಿಸಬಹುದು. ಆ ಮಾಲು ಎರಡು ತಿಂಗಳ ಮೇಲೆ ಡೆಬಿಟ್ ನೋಟ್ ಹೊತ್ತು ಬರುತ್ತದೆ.

ಎರಡು ತಿಂಗಳ ಈ ಅಂತರವನ್ನೂ ಬರೆದಿಡಬೇಕು. ಸೆಪ್ಟೆಂಬರ್‌ನಲ್ಲಿ ವಾಪಸ್ ಬಂದ ಕೇಸಿಂಗ್ ಹೊಯ್ದದ್ದು ಜುಲೈನಲ್ಲಿ ಇರಬಹುದು. ಯಾವ ಸಲ ಕರಗಿಸಿದ ಲೋಹ ಎಂದು ಹೇಳುವ, ಎರಕದ ಮೇಲಿನ ಹೀಟ್ ನಂಬರ್ ನೋಡಿ, ಅದನ್ನು ಹೊಯ್ದ ತಿಂಗಳ ಲೆಕ್ಕಕ್ಕೇ ಹಾಕಬೇಕು.

ಸಮಸ್ಯೆ ಮತ್ತು ಗುರಿಯನ್ನು ಹೀಗೆ ಬರೆಯಿರಿ

‘ಕಳೆದ ವರ್ಷದ ಜುಲೈ–ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ ಸರಾಸರಿ 4,000 ಪಂಪ್ ಕೇಸಿಂಗ್ ಹೊಯ್ದಿದ್ದೇವೆ. ನಮ್ಮಲ್ಲಿ 240 ಬಿದ್ದಿವೆ, ಗ್ರಾಹಕರಿಂದ 120 ಬಂದಿವೆ. ಈ ವರ್ಷ ಅದೇ ಮೂರು ತಿಂಗಳಲ್ಲಿ ಹೊಯ್ದ ಕೇಸಿಂಗ್‌ಗಳಲ್ಲಿ, 4,000ಕ್ಕೆ ಇವು 140 ಮತ್ತು 60ಕ್ಕೆ ಇಳಿಯಬೇಕು. ವಾಪಸಾತಿಗೆ ನವೆಂಬರ್ 30ರವರೆಗೆ ಕಾದು, ಡಿಸೆಂಬರ್ 10ಕ್ಕೆ ಅಂತಿಮ ಲೆಕ್ಕ.’

ಮಳೆಗಾಲವನ್ನು ಮಳೆಗಾಲದೊಂದಿಗೇ ಹೋಲಿಸಿದ್ದನ್ನು ಗಮನಿಸಿ. ಇನ್ನೊಂದು, ಇಲ್ಲಿ ‘ಹೊಸ ಸ್ಯಾಂಡ್ ಮಿಕ್ಸರ್ ಖರೀದಿಸುವುದು’ ಎಂಬ ಮಾತಿಲ್ಲ. ಹೊಸ ಲೀಡ್‌ಗಳು ಪರಿಹಾರವನ್ನೇ ಗುರಿ ಎಂದು ಬರೆದುಬಿಡುತ್ತಾರೆ. ಕಾರಣ ಮರಳಿನ ತೇವವೋ, ಕೋರ್‌ನ ಗಾಳಿದಾರಿ ಮುಚ್ಚಿದ್ದೋ, ಲೋಹವನ್ನು ತುಸು ತಣ್ಣಗಾದ ಮೇಲೆ ಹೊಯ್ದದ್ದೋ, ಚಾರ್ಟರ್ ಬರೆಯುವ ಹೊತ್ತಿಗೆ ಇನ್ನೂ ಯಾರಿಗೂ ಗೊತ್ತಿರುವುದಿಲ್ಲ. ಮಿಕ್ಸರ್ ಬಂದು, ರಿಜೆಕ್ಷನ್ ಹಾಗೇ ಉಳಿದರೂ ಆ ಚಾರ್ಟರ್ ಪ್ರಕಾರ ಪ್ರಾಜೆಕ್ಟ್ ಗೆದ್ದಂತೆಯೇ!

ಬೇಲಿ ಹಾಕಿ

ಮರಳು ಕಲೆಸುವಲ್ಲಿಂದ ಲೋಹ ಹೊಯ್ಯುವವರೆಗೆ ನಮ್ಮ ಕೆಲಸ, ಅದೂ ಪಂಪ್ ಕೇಸಿಂಗ್‌ಗೆ ಮಾತ್ರ. ಪ್ಯಾಟರ್ನ್ ಬದಲಾವಣೆ, ಬೇರೆ ಎರಕಗಳು, ಫರ್ನೇಸ್ ರಿಪೇರಿ ನಮ್ಮದಲ್ಲ. ‘ನಮ್ಮದಲ್ಲ’ ಎಂಬ ಪಟ್ಟಿಯನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಿರಿ. ಕೆಲಸ ಚೆನ್ನಾಗಿ ಸಾಗುವುದು ಕಂಡ ಕೂಡಲೇ ‘ಹಂಗs ಆ ವಾಲ್ವ್ ಬಾಡಿನೂ ನೋಡಿಬಿಡ್ರಿ’ ಎಂಬ ಮಾತು ಬಂದೇ ಬರುತ್ತದೆ. ಆಗ ಇಲ್ಲ ಎನ್ನಬೇಕಿಲ್ಲ, ಪುಟ ತೋರಿಸಿ ‘ಇದನ್ನೂ ಸೇರಿಸಿದರೆ ತಾರೀಕು, ಖರ್ಚು ಎಷ್ಟು ಬದಲಾಗಬೇಕು’ ಎಂದು ಕೇಳಿದರೆ ಸಾಕು. ಬದಲಾದರೆ ಹೊಸ ತಾರೀಕು ಹಾಕಿ ಮತ್ತೆ ಸಹಿ ಮಾಡಿಸಿ.

ಅಧಿಕಾರವನ್ನು ಅಂಕಿಯಲ್ಲಿ ಬರೆಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಭಾಗ ಇದು. ಎರಡನೇ ಪಾಳಿ, ಸಂಜೆ ಏಳು ಗಂಟೆ. ಮರಳಿನ ತೇವ ಶೇ 4ರ ಮಿತಿಯೊಳಗೆ ಇರಬೇಕೆಂದು ನಿಮ್ಮ ಫೌಂಡ್ರಿಯಲ್ಲಿ ಗೊತ್ತುಮಾಡಿದ್ದೀರಿ, ಲ್ಯಾಬ್ ಹುಡುಗ ಅಳೆದಾಗ 4.8 ಬಂತು. ಆ ಮರಳನ್ನು ತಡೆದರೆ ಮೌಲ್ಡಿಂಗ್ ಅರ್ಧ ಗಂಟೆ ನಿಲ್ಲುತ್ತದೆ, ಪಾಳಿಯ ಟನ್ ಗುರಿ ತಪ್ಪುತ್ತದೆ. ಸೂಪರ್‌ವೈಸರ್‌ಗೆ ಮೇಲಿನವರು ಕೇಳುವುದು ಟನ್ ಲೆಕ್ಕವನ್ನೇ. ಹಾಗಾಗಿ ಅವರು ‘ನಡೀಲಿ ಬಿಡ್ರಿ’ ಎನ್ನುತ್ತಾರೆ. ಅವರು ಕೆಟ್ಟವರಲ್ಲ. ಯಾರ ಮಾತು ನಡೆಯಬೇಕೆಂದು ಯಾರೂ ಬರೆದುಕೊಟ್ಟಿಲ್ಲ, ಅಷ್ಟೇ.

ಆದ್ದರಿಂದ ಹೀಗೆ ಬರೆಯಬೇಕು: ತೇವ ಮಿತಿ ಮೀರಿದ ಮರಳನ್ನು ತಡೆಹಿಡಿಯುವ ಹಕ್ಕು ಪ್ರಾಜೆಕ್ಟ್ ಲೀಡ್‌ಗೆ, ಅವರಿಲ್ಲದಾಗ ಲ್ಯಾಬ್ ತಂತ್ರಜ್ಞರಿಗೆ. ಹಾಗೆ ನಿಂತ ಸಮಯವನ್ನು ಪಾಳಿಯ ಟನ್ ಗುರಿಯಿಂದ ಕಳೆಯಲಾಗುವುದು. ಲ್ಯಾಬ್ ತಂತ್ರಜ್ಞರು ದಿನಕ್ಕೆ 2 ಗಂಟೆ, ಕೋರ್ ವಿಭಾಗದ ಒಬ್ಬರು 1 ಗಂಟೆ ಈ ಕೆಲಸಕ್ಕೆ. ಒಟ್ಟು ಖರ್ಚು 2 ಲಕ್ಷ ರೂಪಾಯಿ, ಅದರಲ್ಲಿ ಒಂದು ಸಲಕ್ಕೆ 25,000 ರೂಪಾಯಿವರೆಗೆ ಕೇಳದೆ ಖರ್ಚು ಮಾಡಬಹುದು. ತಕರಾರು ಬಂದರೆ 24 ಗಂಟೆಯೊಳಗೆ ಮಾಲೀಕರ ತೀರ್ಮಾನ.

2 ಲಕ್ಷ ಯಾಕೆ ಎಂದು ಕೇಳಿದರೆ ಮೇಲಿನ ಲೆಕ್ಕವೇ ಉತ್ತರ. ಗುರಿ ಮುಟ್ಟಿದರೆ ತಿಂಗಳಿಗೆ 100 ಕೇಸಿಂಗ್‌ಗಳ 50,000 ಮತ್ತು 60 ಕೇಸಿಂಗ್‌ಗಳ 54,000 ಸೇರಿ 1,04,000 ರೂಪಾಯಿ ಉಳಿಯುತ್ತದೆ. ಹಾಕಿದ ಹಣ ಎರಡು ತಿಂಗಳ ಒಳಗೇ ಮರಳುತ್ತದೆ.

ತಂಡದ ಹೆಸರು, ತಾರೀಕು, ಅಡೆತಡೆಗಳಿಗೆ ನಾಲ್ಕೈದು ಸಾಲು ಸಾಕು. ಅಡೆತಡೆಗಳಲ್ಲಿ ಗಣೇಶೋತ್ಸವವನ್ನು ಮರೆಯಬೇಡಿ. ಬೆಳಗಾವಿಯಲ್ಲಿ ಆ ದಿನಗಳಲ್ಲಿ ಪಾಳಿ ತುಂಬುವುದು ಕಷ್ಟ, ಬದಲಿ ಕೈಗಳು ಬಂದಾಗ ಅಂಕಿ ಏರುಪೇರಾಗುತ್ತದೆ. ಆ ದಿನಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಈಗಲೇ ಬರೆದಿಡಿ.

ಸಹಿ

ಕರಡನ್ನು ಮೊದಲು ಸೂಪರ್‌ವೈಸರ್ ಕೈಗೆ ಕೊಡಿ, ಆಮೇಲೆ ಮಾಲೀಕರಿಗೆ. ಮರಳು ತಡೆಯುವ ಸಾಲಿಗೆ ಸೂಪರ್‌ವೈಸರ್ ತಕರಾರು ತೆಗೆದರೆ ಒಳ್ಳೆಯದೇ. ಆ ಜಗಳ ಮೇ ತಿಂಗಳಲ್ಲಿ ಚಹಾ ಕುಡಿಯುತ್ತ ಆಗಲಿ, ಆಗಸ್ಟ್‌ನ ಎರಡನೇ ಪಾಳಿಯಲ್ಲಿ ಬೇಡ. ಒಪ್ಪಿದ ಮೇಲೆ ಪ್ರೊಡಕ್ಷನ್, ಕ್ವಾಲಿಟಿ, ಅಕೌಂಟ್ಸ್ ಮೂವರೂ ಎಣಿಕೆಯ ಸಾಲುಗಳ ಪಕ್ಕದಲ್ಲೇ ಸಹಿ ಹಾಕಲಿ, ಕೆಳಗೆ ಮಾಲೀಕರದು. ಒಂದು ಪ್ರತಿ ಮರಳು ಪರೀಕ್ಷಿಸುವ ಟೇಬಲ್ ಮೇಲಿನ ಗೋಡೆಗೆ ಅಂಟಿಸಿ. ಸಂಜೆ ಏಳಕ್ಕೆ ಅದು ಬೇಕಾಗುವುದು ಅಲ್ಲಿ ನಿಂತ ಲ್ಯಾಬ್ ಹುಡುಗನಿಗೆ.